ಹತ್ತಿದ ಗೇರಿಗಿಂತ ಒಂದು ಕಡಿಮೆ: ಚಾರ್ಮಾಡಿಯಲ್ಲಿ ನನ್ನ ಅನುಭವ

ಚಾರ್ಮಾಡಿ ಘಾಟಿಯಲ್ಲಿ ಪಿಕಪ್ ಓಡಿಸಲು ಶುರು ಮಾಡಿ ಒಂಬತ್ತು ವರ್ಷ ಆಗುತ್ತಾ ಬಂತು. ರಾತ್ರಿ ಚಿಕ್ಕಮಗಳೂರು ಕಡೆಯಿಂದ ತರಕಾರಿ ಹೇರಿಕೊಂಡು ಕೊಟ್ಟಿಗೆಹಾರ ದಾಟಿ ಇಳಿಯುತ್ತೇನೆ. ಬೆಳಗಾಗುವ ಮೊದಲು ಮಂಗಳೂರು ಸೇರಬೇಕು. ವಾಪಸ್ ಬರುವಾಗ ಹೆಚ್ಚಾಗಿ ಐಸ್ ಹಾಕಿದ ಮೀನಿನ ಬಾಕ್ಸು ಇರುತ್ತದೆ. ಇಳಿಯುವಾಗಲೂ ಲೋಡು, ಹತ್ತುವಾಗಲೂ ಲೋಡು.

"ಹತ್ತಿದ ಗೇರಿನಲ್ಲೇ ಇಳಿ" ಅನ್ನುವ ಮಾತು ನಿಮಗೂ ಗೊತ್ತು. ನನಗೆ ಹೇಳಿಕೊಟ್ಟವರು ಹಳೇ ಲಾರಿ ಡ್ರೈವರು. ಅವರ ಲಾರಿಗೆ ಆ ಮಾತು ಸರಿ. ನನ್ನ ಪಿಕಪ್ಪಿಗೆ ಸರಿ ಅಲ್ಲ ಎಂದು ತಿಳಿಯಲು ಎರಡು ವರ್ಷ ಹಿಡಿಯಿತು, ದುಡ್ಡೂ ಹೋಯಿತು.

ನನ್ನ ಗಾಡಿ ಲೋಡಿನಲ್ಲಿ ನೇರ ಏರನ್ನು ಮೂರನೇ ಗೇರಿನಲ್ಲೇ ಹತ್ತುತ್ತದೆ. ಹಾಗಾಗಿ ಇಳಿಯುವಾಗಲೂ ಮೂರು ಹಾಕುತ್ತಿದ್ದೆ. ಬ್ರೇಕಿನಿಂದ ಕಾಲು ಎತ್ತಿದರೆ ಸಾಕು, ನಲವತ್ತೈದರ ಮೇಲೆ ಓಡುತ್ತಿತ್ತು. ಪ್ರತಿ ತಿರುವಿಗೂ ಬ್ರೇಕು. ಮುಂದಿನ ಪ್ಯಾಡು ಹತ್ತು ಹನ್ನೆರಡು ಸಾವಿರ ಕಿಲೋಮೀಟರಿಗೇ ಮುಗಿಯುತ್ತಿತ್ತು. ಹಿಂದಿನ ಲೈನರ್ ಅದಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತಿತ್ತು. ಒಂದು ವರ್ಷ ಬ್ರೇಕಿಗೆ ಮಾತ್ರ ಹದಿನೆಂಟು ಸಾವಿರ ಹತ್ತಿರ ಹೋಯಿತು.

ಆ ಹದಿನೆಂಟರಲ್ಲಿ ಒಂದು ರಾತ್ರಿಯ ಪಾಲೂ ಇದೆ. ಏಪ್ರಿಲ್ ತಿಂಗಳು, ಎಲೆಕೋಸಿನ ಲೋಡು. ಆರ್‌ಸಿಯಲ್ಲಿ ಬರೆದದ್ದಕ್ಕಿಂತ ಸ್ವಲ್ಪ ಮೇಲೇ ಇತ್ತು, ಅದನ್ನು ಬಿಡಿ. ಅಣ್ಣಪ್ಪ ಸ್ವಾಮಿ ಗುಡಿ ದಾಟಿ ಎರಡು ಮೂರು ತಿರುವು ಇಳಿದಿದ್ದೆ. ಸುಟ್ಟ ವಾಸನೆ ಬಂತು. ಮುಂದಿನ ತಿರುವಿಗೆ ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ನೆಲಕ್ಕೆ ಹೋಯಿತು. ಪಟಪಟ ನಾಲ್ಕು ಸಲ ತುಳಿದೆ, ಸ್ವಲ್ಪ ಹಿಡಿಯಿತು. ಕಿರುಚುತ್ತಲೇ ಎರಡನೇ ಗೇರು ಬಿತ್ತು. ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ನಿಂತ ಮೇಲೆ ನಾನೇ ಒಂದು ದಡ್ಡ ಕೆಲಸ ಮಾಡಿದೆ. ಹೊಗೆ ನೋಡಿ ಹೆದರಿ ಒಂದು ಕ್ಯಾನು ನೀರು ಚಕ್ರಕ್ಕೆ ಸುರಿದೆ. ಡಿಸ್ಕ್ ಸೊಟ್ಟಗಾಯಿತು. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತಿತ್ತು, ಎರಡೂ ಡಿಸ್ಕ್ ಬದಲಾಯಿಸಬೇಕಾಯಿತು.

ತಮಾಷೆ ಅಂದರೆ, ಬೆಳಿಗ್ಗೆ ಗಾಡಿ ತಣ್ಣಗಾದ ಮೇಲೆ ಪೆಡಲ್ ಗಟ್ಟಿಯಾಗಿತ್ತು. ಮೆಕ್ಯಾನಿಕ್ ಒತ್ತಿ ನೋಡಿ, ಏನೂ ಇಲ್ಲ ಅಂದ. ಆಗಿದ್ದು ಇಷ್ಟೇ. ಬ್ರೇಕ್ ಆಯಿಲ್ ಮೂರು ವರ್ಷದಿಂದ ಬದಲಾಯಿಸಿರಲಿಲ್ಲ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಕುದ್ದರೆ ಪೈಪಿನಲ್ಲಿ ಆವಿ ತುಂಬುತ್ತದೆ, ನಾವು ಒತ್ತುವ ಬಲವೆಲ್ಲ ಆವಿಯನ್ನು ಅಮುಕುವುದಕ್ಕೇ ಹೋಗುತ್ತದೆ. ತಣ್ಣಗಾದರೆ ಮತ್ತೆ ಆಯಿಲ್. ಈಗ ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಪೂರ್ತಿ ಬದಲಾಯಿಸುತ್ತೇನೆ. ಐನೂರು ಆರುನೂರರಲ್ಲಿ ಮುಗಿಯುತ್ತದೆ.

ಆದರೆ ಮೂಲ ತಪ್ಪು ಗೇರಿನದು. ಹಳೇ ಲಾರಿಗೆ ದೊಡ್ಡ ಇಂಜಿನ್ ಇತ್ತು, ಎಳೆತ ಕಡಿಮೆ. ಅದು ಹತ್ತುವಾಗ ಒದ್ದಾಡಿ ಸಣ್ಣ ಗೇರಿಗೆ ಬರುತ್ತಿತ್ತು, ಇಳಿಯುವಾಗ ಅದೇ ಗೇರಿನಲ್ಲಿ ಇಂಜಿನ್ನೇ ಲಾರಿಯನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು. ನಮ್ಮ ಗಾಡಿಯ ಇಂಜಿನ್ ಸಣ್ಣದು, ಟರ್ಬೋ ಇದೆ. ಟರ್ಬೋ ಎಳೆಯಲು ಸಹಾಯ ಮಾಡುತ್ತದೆ, ಹಿಡಿಯಲು ಅಲ್ಲ. ಹತ್ತುವಾಗ ಮೂರರಲ್ಲಿ ಜೋರಾಗಿ ಹೋಗುವ ಗಾಡಿ ಇಳಿಯುವಾಗ ಮೂರರಲ್ಲಿ ಹಗುರ. ಅದಕ್ಕೇ ನನ್ನ ಲೆಕ್ಕ: ಹತ್ತಿದ ಗೇರಿಗಿಂತ ಒಂದು ಕಡಿಮೆ.

ಈಗ ಘಾಟಿ ಶುರುವಾಗುವ ಮೊದಲೇ, ಇನ್ನೂ ಸಮತಟ್ಟಾಗಿರುವಾಗ ಎರಡು ಹಾಕುತ್ತೇನೆ. ಇಳಿಜಾರು ಹಿಡಿದ ಮೇಲೆ ಗೇರು ಇಳಿಸಲು ಹೋದರೆ ನ್ಯೂಟ್ರಲ್‌ನಲ್ಲೇ ಸಿಕ್ಕಿಕೊಳ್ಳಬಹುದು. ಎರಡರಲ್ಲಿ ಗಾಡಿಯ ವೇಗ ಇಪ್ಪತ್ತೈದರ ಸುಮಾರಿಗೆ ತಾನೇ ನಿಲ್ಲುತ್ತದೆ. ಮೂವತ್ತು ದಾಟಿದರೆ ಮೂರು ಸೆಕೆಂಡು ಗಟ್ಟಿಯಾಗಿ ಬ್ರೇಕ್ ಒತ್ತಿ, ಇಪ್ಪತ್ತಕ್ಕೆ ತಂದು, ಪೂರ್ತಿ ಬಿಡುತ್ತೇನೆ. ಪೆಡಲ್ ಮೇಲೆ ಸುಮ್ನೆ ಕಾಲಿಟ್ಟುಕೊಂಡು ಇಳಿಯುವುದಿಲ್ಲ. ಚಕ್ರಕ್ಕೆ ಉಸಿರಾಡಲು ಸಮಯ ಸಿಗಬೇಕು. ಅಣ್ಣಪ್ಪ ಗುಡಿಯಲ್ಲಿ ಎಲ್ಲರೂ ಕಾಣಿಕೆ ಹಾಕಲು ನಿಲ್ಲುತ್ತಾರೆ. ನಾನು ಹತ್ತು ನಿಮಿಷ ಜಾಸ್ತಿ ನಿಲ್ಲುತ್ತೇನೆ.

ಓನರ್ ಮೊದಲ ಸಲ ಪಕ್ಕದಲ್ಲಿ ಕೂತು ಬಂದಾಗ ಇಂಜಿನ್ ಸದ್ದು ಕೇಳಿ ಗಾಬರಿಯಾದರು. "ಇಂಜಿನ್ ಬಿಚ್ಚಿಸ್ತೀಯೇನೋ ಮಾರಾಯ? ಡೀಸೆಲ್ ಯಾರಪ್ಪಂದು?" ಅಂದರು. ಸ್ಟ್ಯಾಂಡಿನಲ್ಲೂ ಅದೇ ಮಾತು. ಕೆಲವರಂತೂ ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುತ್ತಿದ್ದರು. ಇಂಜಿನ್ ಆಫ್ ಮಾಡುವವರನ್ನೂ ನೋಡಿದ್ದೇನೆ. ಆಫ್ ಮಾಡಿದರೆ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಖಾಲಿ, ಆಮೇಲೆ ಪೆಡಲ್ ಕಲ್ಲು. ಡೀಸೆಲ್ ವಿಷಯಕ್ಕೆ ಬಂದರೆ, ಗೇರಿನಲ್ಲಿದ್ದು ಆಕ್ಸಲರೇಟರಿನಿಂದ ಕಾಲು ಎತ್ತಿದರೆ ಪಂಪು ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್‌ಗಾದರೂ ಕುಡಿಯುತ್ತದೆ. ಒಂದು ತಿಂಗಳು ಫುಲ್ ಟ್ಯಾಂಕ್ ಲೆಕ್ಕ ಇಟ್ಟೆ. ಮೈಲೇಜ್ ಒಂದು ಚೂರೂ ಬೀಳಲಿಲ್ಲ.

ಎಸಿ ರಿಪೇರಿ ಮಾಡುವ ಗೆಳೆಯನ ಹತ್ತಿರ ಬಿಸಿ ನೋಡುವ ಗನ್ ಇತ್ತು. ಸುಮ್ನೆ ಕುತೂಹಲಕ್ಕೆ ತಂದೆ. ಮೂರರಲ್ಲಿ ಇಳಿದ ದಿನ ಕೆಳಗೆ ಮುಂದಿನ ಡಿಸ್ಕ್ ಇನ್ನೂರೈವತ್ತು ಡಿಗ್ರಿ ಆಸುಪಾಸು. ಎರಡರಲ್ಲಿ ಇಳಿದ ದಿನ ನೂರು, ನೂರಹತ್ತು. ಅದನ್ನು ತೋರಿಸಿದ ಮೇಲೆ ಓನರ್ ಮಾತು ನಿಂತಿತು.

ಒಂದು ಎಚ್ಚರಿಕೆ. ಇದೇ ಉತ್ಸಾಹದಲ್ಲಿ ಒಮ್ಮೆ ಮಳೆಯಲ್ಲಿ, ಖಾಲಿ ಗಾಡಿಯಲ್ಲಿ ಒಂದನೇ ಗೇರು ಹಾಕಿ ಕ್ಲಚ್ ತಟ್ಟನೆ ಬಿಟ್ಟೆ. ಹಿಂದೆ ಭಾರ ಇಲ್ಲ, ರಸ್ತೆ ಪಾಚಿ. ಹಿಂದಿನ ಚಕ್ರ ಲಾಕ್ ಆದ ಹಾಗೆ ಜಾರಿ ಗಾಡಿ ಅಡ್ಡ ತಿರುಗಿತು. ಕ್ಲಚ್ ಮತ್ತೆ ಒತ್ತಿದ್ದಕ್ಕೆ ಉಳಿದೆ. ಈಗ ಗೇರು ಇಳಿಸುವಾಗ ಸ್ವಲ್ಪ ಆಕ್ಸಲರೇಟರ್ ಕೊಟ್ಟು, ಇಂಜಿನ್ ವೇಗ ಏರಿದ ಮೇಲೆ ಮೆತ್ತಗೆ ಕ್ಲಚ್ ಬಿಡುತ್ತೇನೆ.

ದಾರಿ ಬಿಡುವ ವಿಷಯದಲ್ಲಿ ಬೈಸಿಕೊಂಡೇ ಕಲಿತೆ. ಇಕ್ಕಟ್ಟಿನಲ್ಲಿ ಇಳಿಯುವವನು ನಿಂತು ಹತ್ತುವವನಿಗೆ ದಾರಿ ಕೊಡಬೇಕು ಅಂತ ರಸ್ತೆ ನಿಯಮದಲ್ಲೇ ಇದೆ. ಗೊತ್ತಿದ್ದೂ ಒಂದು ರಾತ್ರಿ ಹೇರ್‌ಪಿನ್‌ಗೆ ಮೂತಿ ತೂರಿಸಿದೆ. ಕೆಳಗಿನಿಂದ ಬಂದ ಬಸ್ಸು ತಿರುವಿನ ಮಧ್ಯೆ ನಿಂತಿತು. ಮತ್ತೆ ಎತ್ತಲು ಹೋದರೆ ಕ್ಲಚ್ ಸುಟ್ಟ ವಾಸನೆ. ಮುಕ್ಕಾಲು ಗಂಟೆ ಜಾಮ್. "ಇಳಿಯೋನಿಗೆ ನಿಲ್ಲಕ್ಕೆ ಏನೋ ಕಷ್ಟ?" ಅಂತ ಬಸ್ ಡ್ರೈವರ್ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉದ್ದ ಗಾಡಿ ತಿರುಗಲು ಎರಡೂ ಬದಿ ಬೇಕು. ಅದಕ್ಕೇ ತಿರುವಿನಲ್ಲಿ ಅಲ್ಲ, ತಿರುವಿಗೆ ಮೊದಲೇ, ಮೇಲಿನ ನೇರ ಭಾಗದಲ್ಲಿ ನಿಲ್ಲುತ್ತೇನೆ. ರಾತ್ರಿಯಾದರೆ ಮರದ ಮೇಲೆ ಬೀಳುವ ಬೆಳಕು ನೋಡಿದರೆ ಕೆಳಗೆ ಗಾಡಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಲೈಟ್ ಡಿಮ್ ಮಾಡಿ ಕಾಯುತ್ತೇನೆ. ನನ್ನ ಎಡಕ್ಕೆ ಕಣಿವೆ ಇದ್ದರೆ, ಮಳೆಗಾಲದಲ್ಲಿ ಮಣ್ಣಿನ ಅಂಚಿಗೆ ಚಕ್ರ ಇಳಿಸುವುದೇ ಇಲ್ಲ. ಅಗಲ ಸಿಗುವ ಜಾಗದಲ್ಲಿ ಮೊದಲೇ ನಿಂತುಬಿಡುತ್ತೇನೆ.

ಇದರ ಬೆಲೆ ಮೀನಿನ ಲೋಡಿನಲ್ಲಿ ಹತ್ತುವಾಗ ಗೊತ್ತಾಗುತ್ತದೆ. ತಿರುವಿಗೆ ಬರುವ ಮೊದಲೇ ಗೇರು ಇಳಿಸಿ ಒಂದೇ ಎಳೆತದಲ್ಲಿ ಹತ್ತಬೇಕು ಅಂತಿರುತ್ತೇನೆ. ಮೇಲಿನಿಂದ ಒಂದು ಕಾರು ನುಗ್ಗುತ್ತದೆ. ನಿಲ್ಲಿಸು, ಹ್ಯಾಂಡ್ ಬ್ರೇಕ್, ಮತ್ತೆ ಒಂದರಲ್ಲಿ ಎತ್ತು. ಹೋದ ವರ್ಷ ಕ್ಲಚ್ ಸೆಟ್ಟಿಗೆ ಒಂಬತ್ತು ಸಾವಿರ ಚಿಲ್ಲರೆ ಕೊಟ್ಟೆ, ಅದರಲ್ಲಿ ಅರ್ಧ ಇಂಥವರ ಪಾಲು.

ಬ್ರೇಕ್ ಖರ್ಚು ಮಾತ್ರ ಈಗ ವರ್ಷಕ್ಕೆ ಐದಾರು ಸಾವಿರ ದಾಟುವುದಿಲ್ಲ. ಕಳೆದ ತಿಂಗಳು ಓನರ್ ಎರಡನೇ ಪಿಕಪ್ ತೆಗೆದುಕೊಂಡರು. ಅದರ ಹೊಸ ಹುಡುಗನನ್ನು ಎರಡು ಟ್ರಿಪ್ ನನ್ನ ಜೊತೆ ಕಳಿಸಿದರು. "ಇಂಜಿನ್ ಕೂಗಿದ್ರೆ ಕೂಗಲಿ, ಇವನ ಹಾಗೇ ಇಳಿಸು" ಅಂತ ಅವನಿಗೆ ಹೇಳಿದ್ದು ಅದೇ ಓನರ್.