ಅಡ್ವಾನ್ಸ್ ರೊಕ್ಕ ನಂದಲ್ಲ ಅಂತ ಗೊತ್ತಾಗಾಕ ಎರಡು ಸೀಜನ್ ಹಿಡೀತು

ಬಾಗಲಕೋಟಿ ನವನಗರದಾಗ ಮನ್ಯಾಗ ಹೊಲಿಗಿ ನಂದು, ಬ್ಲೌಸ್, ಫಾಲ್-ಪಿಕೋ, ಮದುವಿ ಸೀಜನ್‌ನ್ಯಾಗ ಗುಳೇದಗುಡ್ಡ ಖಣದ ಬ್ಲೌಸ್ ಭಾಳ. ಮೊಬೈಲ್‌ದಾಗ ಲೆಕ್ಕ ಇಡ್ತೀನಿ ಅಂದಾಗ ನಮ್ಮತ್ತಿ "ಬ್ಲೌಸ್ ಹೊಲ್ಯಾಕ ಬಿಲ್ ಬೇಕೇನವಾ" ಅಂದ್ರು, ಮನ್ಯಾವ್ರು ನಕ್ರು. ಈಗ ಅವರ ಕೇಳ್ತಾರ, ಈ ತಿಂಗಳ ಎಷ್ಟು ಉಳೀತು ಅಂತ.

ಮೊದ್ಲು ಒಂದು ಉದ್ರಿ ಆಪ್ ಹಾಕಿದ್ನಿ. ಕಿರಾಣಿ ಅಂಗಡಿಯವ್ರಿಗೆ ಅದು ಚಲೋನ, ಅವರು ಮಾಲು ಮೊದ್ಲು ಕೊಟ್ಟು ರೊಕ್ಕ ಆಮೇಲೆ ತಗೋತಾರ. ನಮ್ದು ಉಲ್ಟಾ ನೋಡ್ರಿ, ರೊಕ್ಕ ಮೊದ್ಲು ಬರ್ತೈತಿ, ಬ್ಲೌಸ್ ಹದಿನೈದು ದಿನ ಬಿಟ್ಟು. ಅಡ್ವಾನ್ಸ್ 500 ಬಂತು ಅಂತ ಹಾಕಿದ್ರ ಆಪ್‌ದಾಗ ನಾನ ಗಿರಾಕಿಗೆ 500 ಕೊಡಬೇಕು ಅಂತ ತೋರಸ್ತಿತ್ತು. ಇದೇನಪ್ಪಾ ತಪ್ಪು ಅಂತ ಬೈಕೊಂಡು ಅದನ್ನ ಬಿಟ್ಟು, ಡೈರಿದಾಗ ಬಂದಿದ್ದನ್ನೆಲ್ಲಾ ಗಳಿಕಿ ಅಂತ ಬರ್ಯಾಕ ಶುರು ಮಾಡಿದ್ನಿ. ತಪ್ಪಿದ್ದಾಕಿ ನಾನ, ಆಪ್ ಖರೇನ ಹೇಳ್ತಿತ್ತು, ಬ್ಲೌಸ್ ಕೊಡೋತನಕ ಆ ರೊಕ್ಕ ಗಿರಾಕಿದ.

ಆ ಏಪ್ರಿಲ್‌ದಾಗ ಸುಮಾರು 38 ಸಾವಿರ ಬಂದಿತ್ತು. ಖುಷಿ ಆಗಿ 14 ಸಾವಿರಕ್ಕ ಸೆಕೆಂಡ್‌ಹ್ಯಾಂಡ್ ಓವರ್‌ಲಾಕ್ ಮಷಿನ್ ತಗೊಂಡೆ. ಮೇ ಕೊನಿಗೆ ಲೈನಿಂಗ್ ಬಟ್ಟಿ ತರಾಕ ರೊಕ್ಕಿಲ್ಲ, ಹುಕ್ಕು ಹಾಕೋ ಹುಡುಗಿಗೆ ಪಗಾರಿಲ್ಲ, ಮೂಲ್ಯಾಗ ಹೊಲೀಬೇಕಾದ ಬಟ್ಟಿ ಗಂಟು ಗಂಟು. ಡೈರಿ ತಗದು ಕೂಡಿಸಿದ್ರ 38ರಾಗ ಹದಿನೈದು-ಹದಿನಾರು ಸಾವಿರ ಬರೇ ಅಡ್ವಾನ್ಸ್, ಕೆಲಸಾನ ಆಗಿದ್ದಿಲ್ಲ.

ಆಮೇಲೆ Vyapar ಅನ್ನೋ ಬಿಲ್ ಮಾಡೋ ಆಪ್ ಹಾಕಿದ್ನಿ. ಬಟ್ಟಿ ತಗೊಂಡಾಗ ಬಿಲ್ ಮಾಡಂಗಿಲ್ಲ, Sale Order ಮಾಡಿ ಅದರಾಗ ಅಡ್ವಾನ್ಸ್ ಬರೀತೀನಿ. ಆ ಆರ್ಡರ್ ನಂಬರ್‌ನ ಚೀಟಿ ಮ್ಯಾಲ ಬರದು ಬಟ್ಟಿಗೆ ಪಿನ್ ಹಾಕ್ತೀನಿ. ಬಟ್ಟಿ ಕೈಗೆ ಕೊಟ್ಟಾಗಷ್ಟ ಅದನ್ನ ಬಿಲ್ ಮಾಡೂದು. ಐಟಂ ಅಂದ್ರ ಹೊಲಿಗಿ ಕೂಲಿ ಮಾತ್ರ, ಗಿರಾಕಿ ತಂದ ಖಣದ ಕಿಮ್ಮತ್ತು ಸೇರಸಂಗಿಲ್ಲ, ಅದು ಅವರ ಮಾಲು.

ಹೋದ ಸೀಜನ್‌ನ್ಯಾಗ ಒಂದು ಮದುವಿ ಆರ್ಡರ್, ಒಟ್ಟು 5,900. ಅರಿಷಿಣಕ್ಕ ಒಂದಿಷ್ಟು ಮೊದ್ಲ ಬೇಕಂದ್ರು, ಹಂಗಾಗಿ ಒಂದ ಮನಿಗೆ ಎರಡು ಆರ್ಡರ್ ಮಾಡಿದ್ನಿ. ಡಿಲಿವರಿ ಎಷ್ಟು ಸಲ, ಆರ್ಡರ್ ಅಷ್ಟು, ಇದು ನನ್ನ ಪದ್ಧತಿ. 41ನೇದು 3,000, ನಾಕು ಲೈನಿಂಗ್ ಬ್ಲೌಸ್ ಮತ್ತ ಒಂದು ಡಿಸೈನ್‌ದು. 42ನೇದು 2,900. ಅಡ್ವಾನ್ಸ್ 2,000 ಕೊಟ್ರು, 41ಕ್ಕ ಹಾಕಿದೆ. ಅದನ್ನ ಒಯ್ಯೋ ದಿನ ಹುಡುಗಿ ಅಣ್ಣ ಫೋನ್‌ಪೇದಾಗ 2,500 ಹಾಕಿದ. ಮೊದ್ಲಾಗಿದ್ರ ಅಂವನ ಹೆಸರು ನೋಡಿ ಇದು ಯಾರ ರೊಕ್ಕ ಅಂತ ರಾತ್ರಿ ತಲಿ ಕೆಡಿಸ್ಕೊತಿದ್ದೆ, ಈಗ ಅಂವ ಬಾಗಿಲದಾಗ ಇರೂಮುಂದನ ಚೀಟಿ ನಂಬರ್ ನೋಡಿ ಹಾಕ್ತೀನಿ. 1,000ಕ್ಕ 41 ಮುಗೀತು, ಉಳಿದ 1,500 ಮುಂದ 42ರ ಅಡ್ವಾನ್ಸ್. ಅಂದ್ರ ಕೈಯಾಗ ಬಂದಿದ್ದು 4,500, ದುಡದಿದ್ದು 3,000. ಬಾಕಿ 1,400 ಮದುವಿ ಹಿಂದಿನ ದಿನ ಬಂತು, ಬರ್ಲಿಕ್ಕರ ಬ್ಲೌಸ್ ಹೋಗ್ತಿದ್ದಿಲ್ಲ ಬಿಡ್ರಿ.

ಪ್ರತಿ ರವಿವಾರ ಕುಂತು ಇನ್ನೂ ಮುಗೀದ ಆರ್ಡರ್‌ಗಳ ಅಡ್ವಾನ್ಸ್ ಕೂಡಿಸ್ತೀನಿ, ಕೈಯಾಗಿನದು ಬ್ಯಾಂಕಿನದು ಸೇರಿ ಇರೋದ್ರಾಗ ಅದನ್ನ ಕಳೀತೀನಿ. ಉಳಿದದ್ದರಾಗ ಮಷಿನ್ ತಗೋರಿ, ಸೀರಿ ತಗೋರಿ. ಒಂದೊಂದು ವಾರ ಮೈನಸ್ ಬರ್ತೈತಿ, ಅಂದ್ರ ಗಿರಾಕಿ ರೊಕ್ಕದಾಗ ಮನಿ ನಡದೈತಿ ಅಂತ ಅರ್ಥ, ಆ ವಾರ ಹೊಸಾ ಆರ್ಡರ್ ಬಿಟ್ಟು ಹಳೇ ಗಂಟು ಬಿಚ್ಚೂದು.

ನಡುವ ದಾರ, ಹುಕ್ಕು, ಲೈನಿಂಗ್ ಎಲ್ಲಾ ಸ್ಟಾಕ್‌ದಾಗ ಹಾಕಿ ನೋಡಿದ್ನಿ, ಎಂಟ ದಿನಕ್ಕ ಕೈಬಿಟ್ಟೆ. ಬ್ಲೌಸಿಗೆ ಎಷ್ಟು ಹುಕ್ಕು ಹೋತು ಅಂತ ಯಾರು ಎಣಸ್ತಾರ. ಈಗ ತಂದ ದಿನ ಖರ್ಚು ಅಂತ ಒಂದ ಸಾಲು ಬರದು ಬಿಡ್ತೀನಿ. ಜಿಎಸ್‌ಟಿ ಕಾಲಂನೂ ತಗದೀನಿ, ಹೊಲಿಗಿ ಕೂಲಿಗೆ ವರ್ಷಕ್ಕ 20 ಲಕ್ಷದ ಮಿತಿ, ನಾ ಅದರ ಹತ್ರಾನೂ ಇಲ್ಲ, ರಜಿಸ್ಟರ್ ಇಲ್ದ ಬಿಲ್ಲಿನ ಮ್ಯಾಲ ಟ್ಯಾಕ್ಸ್ ಹಾಕಿ ವಸೂಲಿ ಮಾಡಾಕ ಬರಂಗಿಲ್ಲ.

ಅರ್ಜೆಂಟ್ ಆರ್ಡರ್‌ಗೆ ರೇಟ್ ಹೆಂಗ ಏರಸ್ತೀನಿ ಅನ್ನೂದು ಮಾತ್ರ ಕೇಳಬ್ಯಾಡ್ರಿ, ನಮ್ಮ ಓಣ್ಯಾಗ ಇನ್ನೂ ಮೂರು ಮಂದಿ ಹೊಲಿಯವ್ರದಾರ. ಅತ್ತಿ ಈಗ ಚೀಟಿಗೆ ಪಿನ್ ತಾವ ಹಾಕ್ತಾರ, ಮೊನ್ನೆ 57, 75 ಅದಲು ಬದಲಾಗಿ ಎರಡು ಮನ್ಯಾವ್ರ ಬ್ಲೌಸ್ ಹುಡುಕ್ಯಾಡಿದ್ವಿ.