‘ಯಾವುದು ಮುಂದಕ್ಕೆ ಹೋಗಲಿ, ಸರ್?’: ಮೈಮೇಲೆ ಬಂದ ಕೆಲಸಕ್ಕೆ ನಾನು ಕೇಳುವ ಪ್ರಶ್ನೆ

ದಾವಣಗೆರೆಯಲ್ಲಿ ಪೈಪು, ಪಂಪ್‌ಸೆಟ್ಟಿನ ಹೋಲ್‌ಸೇಲ್ ಅಂಗಡಿಯ ಲೆಕ್ಕ ನೋಡಿಕೊಳ್ಳುವವರಿಗೆ ತಿಂಗಳ 7ರಿಂದ 20ರವರೆಗಿನ ದಿನಗಳು ಹೇಗಿರುತ್ತವೆ ಅನ್ನೋದು ಗೊತ್ತೇ ಇದೆ. 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ನಡುವೆ ಸಿಸಿ ಖಾತೆಗೆ ಬ್ಯಾಂಕಿನವರು ಕೇಳುವ ಸ್ಟಾಕ್ ಸ್ಟೇಟ್‌ಮೆಂಟ್. ಸರಿಯಾಗಿ ಈ ದಿನಗಳಲ್ಲೇ ಮ್ಯಾನೇಜರ್ ಬಂದು “ಇದೊಂದು ಸ್ವಲ್ಪ ಅರ್ಜೆಂಟ್ ಮಾಡಿಕೊಡ್ರಿ” ಅನ್ನುತ್ತಾರೆ. ಆಗ ನಾನು ಏನು ಹೇಳುತ್ತೇನೆ, ಅದಕ್ಕೆ ಮೊದಲು ಏನು ಬರೆದಿಟ್ಟುಕೊಂಡಿರುತ್ತೇನೆ ಅನ್ನೋದನ್ನು ಒಂದೇ ಉದಾಹರಣೆ ಹಿಡಿದು ವಿವರಿಸುತ್ತೇನೆ.

ಉದಾಹರಣೆ ಹೀಗಿರಲಿ. 8ನೇ ತಾರೀಖು ಬೆಳಿಗ್ಗೆ ಮ್ಯಾನೇಜರ್ ಹೇಳುತ್ತಾರೆ: “12ಕ್ಕೆ ಸಾಹುಕಾರ್ರು ಸೇಲ್ಸ್‌ನವರ ಮೀಟಿಂಗ್ ಕರೆದಾರೆ. ಅಷ್ಟರೊಳಗೆ 140 ಡೀಲರ್‌ಗಳ ಬಾಕಿ ಪೂರ್ತಿ ತಾಳೆ ಮಾಡಿ ಲಿಸ್ಟ್ ಕೊಡ್ರಿ.” ಕೇಳಲು ಇದು ಸಣ್ಣ ಕೆಲಸ. ಟ್ಯಾಲಿಯಲ್ಲಿ ಬಾಕಿ ಪಟ್ಟಿ ತೆಗೆದರೆ ಎರಡು ನಿಮಿಷದಲ್ಲಿ ಪರದೆಯ ಮೇಲೆ ಬರುತ್ತದೆ ಅಂತ ಮ್ಯಾನೇಜರಿಗೂ ಗೊತ್ತು. ಅವರಿಗೆ ಕಾಣದೇ ಇರುವುದು ‘ಆನ್ ಅಕೌಂಟ್’ ಜಮಾ. ಸೇಲ್ಸ್‌ನವರು ಹರಿಹರ, ಹೊನ್ನಾಳಿ ಲೈನಿನಿಂದ ತಂದ ಹಣವನ್ನು ಯಾವ ಬಿಲ್ಲಿಗೆ ಅಂತ ಹೇಳದೆ ಕಟ್ಟಿದರೆ ಅದು ಬಿಲ್ಲಿಗೆ ತಾಗದೆ ಹಾಗೇ ಕೂತಿರುತ್ತದೆ. ಡೀಲರ್ ಹಳೇ ಬಿಲ್ ಕಟ್ಟಿದ್ದರೂ ಪಟ್ಟಿಯಲ್ಲಿ 90 ದಿನ ದಾಟಿದ ಬಾಕಿ ಅಂತಲೇ ತೋರಿಸುತ್ತದೆ. ಅಂಥ ಪಟ್ಟಿ ಹಿಡಿದು ಮೀಟಿಂಗಿನಲ್ಲಿ ಯಾರನ್ನಾದರೂ ಕೇಳಿದರೆ ಮೊದಲ ಐದು ನಿಮಿಷದಲ್ಲೇ ಜಗಳ ಶುರುವಾಗುತ್ತದೆ. ಹಾಗಾಗಿ ಒಬ್ಬೊಬ್ಬ ಡೀಲರ್‌ನ ಲೆಡ್ಜರ್ ತೆಗೆದು, ಜಮಾವನ್ನು ಬಿಲ್ಲಿಗೆ ಹೊಂದಿಸಿ, ರಿಟರ್ನ್ ಬಂದ ಮಾಲಿನ ಕ್ರೆಡಿಟ್ ನೋಟ್ ನೋಡಬೇಕು. ಒಬ್ಬರಿಗೆ ಸರಾಸರಿ 6 ನಿಮಿಷ ಹಿಡಿದರೂ 140 ಜನಕ್ಕೆ 840 ನಿಮಿಷ, ಅಂದರೆ 14 ಗಂಟೆ.

ಈ 6 ನಿಮಿಷ ಅನ್ನುವ ಅಂಕಿ ಬಾಯಿಗೆ ಬಂದದ್ದಾಗಿರಬಾರದು. ಹೊಸ ಕೆಲಸ ಬಂದಾಗ ನಾನು ತಕ್ಷಣ ಉತ್ತರ ಕೊಡೋದಿಲ್ಲ. “ಅರ್ಧ ಗಂಟೆ ಕೊಡ್ರಿ ಸರ್, ನೋಡಿ ಹೇಳ್ತೀನಿ” ಅಂದು ಐದು ಡೀಲರ್‌ಗಳ ಲೆಡ್ಜರ್ ಮಾಡಿ ನೋಡುತ್ತೇನೆ. ಎರಡು ಸುಲಭದ್ದು, ಎರಡು ಗೋಜಲಿನದ್ದು, ಒಂದು ಮಧ್ಯಮ. ಬರೀ ಸುಲಭದ್ದನ್ನೇ ಆರಿಸಿಕೊಂಡರೆ ಲೆಕ್ಕ ಅರ್ಧಕ್ಕಿಳಿದು, ಆಮೇಲೆ ನಮ್ಮ ಮಾತು ನಮಗೇ ತಿರುಗಿಬೀಳುತ್ತದೆ.

ಇನ್ನು ನನ್ನ ಕಡೆಯ ಲೆಕ್ಕ. ಎಂಟು ಗಂಟೆ ಡ್ಯೂಟಿ ಅಂದರೆ ಎಂಟು ಗಂಟೆ ಕೆಲಸ ಅಂತ ಎಂದೂ ಹಿಡಿಯಬಾರದು. ಕೌಂಟರಿನಿಂದ ಬಿಲ್ ತಿದ್ದಲು ಕರೆಯುತ್ತಾರೆ, ಲಾರಿಗೆ ಇ-ವೇ ಬಿಲ್ ಬೇಕು ಅನ್ನುತ್ತಾರೆ, ಡೀಲರ್‌ಗಳ ಫೋನ್ ಇದ್ದೇ ಇರುತ್ತದೆ. ಇದನ್ನೆಲ್ಲ ಕಳೆದರೆ ಕೂತು ಮಾಡಲು ಸಿಗೋದು ದಿನಕ್ಕೆ 5 ಗಂಟೆ. 8ರಿಂದ 11ರವರೆಗೆ ನಾಲ್ಕು ದಿನಕ್ಕೆ 20 ಗಂಟೆ. ಅದರಲ್ಲಿ ಜಿಎಸ್‌ಟಿಆರ್-1ಕ್ಕೆ 9 ಗಂಟೆ, ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟಿಗೆ 5, ಹಾಜರಿ ನೋಡಿ ಪಿಎಫ್, ಇಎಸ್‌ಐ ತಯಾರಿಗೆ 4. ಒಟ್ಟು 18. ಉಳಿದದ್ದು 2 ಗಂಟೆ, ಬಂದಿರುವುದು 14 ಗಂಟೆಯ ಕೆಲಸ. 12 ಗಂಟೆ ಕಡಿಮೆ ಬೀಳುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಬರೀ ಗೋಳು. ಮ್ಯಾನೇಜರಿಗೆ ಬೇಕಾದದ್ದು ಯಾವುದನ್ನು ಸರಿಸಬಹುದು, ಯಾವುದನ್ನು ಮುಟ್ಟಬಾರದು ಅನ್ನೋದು. ಆದ್ದರಿಂದ ಪ್ರತಿ ಕೆಲಸದ ಮುಂದೆ ಮೂರು ವಿಷಯ ಬರೆಯುತ್ತೇನೆ: ಕೊನೇ ದಿನ, ಬೇಕಾದ ಗಂಟೆ, ತಡವಾದರೆ ಯಾರಿಗೆ ಏನಾಗುತ್ತದೆ. ಮೂರನೆಯದೇ ಮುಖ್ಯ. ಬಹಳ ಜನ ಇಲ್ಲಿ ‘ದಂಡ ಬೀಳುತ್ತೆ’ ಅಂತ ಬರೆದು ಬಿಡುತ್ತಾರೆ. ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾದರೆ ಲೇಟ್ ಫೀ ದಿನಕ್ಕೆ 50 ರೂಪಾಯಿ. ಇದನ್ನು ಕೇಳಿದ ಮ್ಯಾನೇಜರ್ “ನೂರು ಇನ್ನೂರು ಹೋದ್ರೆ ಹೋಗ್ಲಿ, ಮೊದ್ಲು ಲಿಸ್ಟ್ ಮಾಡ್ರಿ” ಅಂದರೆ ಅವರ ತಪ್ಪಲ್ಲ, ನಾವು ಕೊಟ್ಟ ಮಾಹಿತಿಯೇ ಅಷ್ಟು. ನಿಜವಾದ ನಷ್ಟ ಬೇರೆ ಕಡೆ ಇದೆ. ನಾವು 11ರೊಳಗೆ ಜಿಎಸ್‌ಟಿಆರ್-1 ಹಾಕದಿದ್ದರೆ, 14ಕ್ಕೆ ಡೀಲರ್‌ಗಳಿಗೆ ಬರುವ 2ಬಿಯಲ್ಲಿ ನಮ್ಮ ಬಿಲ್‌ಗಳು ಇರೋದಿಲ್ಲ. ಅವರಿಗೆ ಆ ತಿಂಗಳ ಇನ್‌ಪುಟ್ ಕ್ರೆಡಿಟ್ ಸಿಗದೆ, 20ಕ್ಕೆ ಕೈಯಿಂದ ನಗದು ಕಟ್ಟಬೇಕಾಗುತ್ತದೆ. ಬಾಕಿ ವಸೂಲಿಗೆ ಅಂತ ನಾವು ಪಟ್ಟಿ ಮಾಡುತ್ತಿರುವ ತಿಂಗಳಲ್ಲೇ ಆ ಡೀಲರ್‌ಗಳ ಕೈ ಖಾಲಿ ಮಾಡಿದಂತಾಗುತ್ತದೆ. ಇದನ್ನು ಹೀಗೇ ಬರೆದರೆ ಜಿಎಸ್‌ಟಿಆರ್-1 ಸರಿಸುವ ಮಾತೇ ಬರೋದಿಲ್ಲ.

ಸ್ಟಾಕ್ ಸ್ಟೇಟ್‌ಮೆಂಟಿನ ವಿಷಯದಲ್ಲಿ ‘ಬ್ಯಾಂಕಿನವರು ಬೈತಾರೆ’ ಅನ್ನೋದು ಸಾಲದು. ಸಾಲದ ಮಂಜೂರಾತಿ ಪತ್ರದಲ್ಲಿ ತಾರೀಖು ಇರುತ್ತದೆ, ಅದನ್ನು ತೆಗೆದು ನೋಡಿ. ಈ ಉದಾಹರಣೆಯಲ್ಲಿ 10 ಅಂತಿಟ್ಟುಕೊಳ್ಳಿ. ಆ ಸ್ಟೇಟ್‌ಮೆಂಟಿನ ಮೇಲೆಯೇ ಡ್ರಾಯಿಂಗ್ ಪವರ್ ನಿಲ್ಲುವುದರಿಂದ, ಕಂಪನಿಗೆ ಕಟ್ಟಬೇಕಾದ ಚೆಕ್ ಬರೆಯುವ ವಾರದಲ್ಲಿ ಅದನ್ನು ಸರಿಸುವ ಸಲಹೆ ನಾನು ಕೊಡೋದಿಲ್ಲ. ಉಳಿಯಿತು ಪಿಎಫ್, ಇಎಸ್‌ಐ. ಅದಕ್ಕೆ 15ರವರೆಗೆ ಟೈಮ್ ಇದೆ. ಅದನ್ನು 12, 13ಕ್ಕೆ ಹಾಕಬಹುದು. 15ಕ್ಕೇ ಅಂತ ಇಟ್ಟುಕೊಳ್ಳಬೇಡಿ. ಕೊನೇ ದಿನ ಪೋರ್ಟಲ್ ಕೈಕೊಟ್ಟರೆ ಬಡ್ಡಿಯ ಜೊತೆ ಡ್ಯಾಮೇಜಸ್ ಬೀಳುತ್ತದೆ. ಅದಕ್ಕಾಗಿ ನನ್ನ ಪಟ್ಟಿಯಲ್ಲಿ ಅದರ ಕೊನೇ ದಿನ 14 ಅಂತಲೇ ಇರುತ್ತದೆ, ಪಕ್ಕದಲ್ಲಿ ‘ಕಾನೂನಿನ ಪ್ರಕಾರ 15’ ಅಂತ ಬರೆದಿರುತ್ತೇನೆ. ಎರಡೂ ಕಾಣಬೇಕು. ನಮ್ಮ ಎಚ್ಚರಿಕೆಯ ದಿನವನ್ನೇ ಕಾನೂನಿನ ದಿನ ಅಂತ ತೋರಿಸಿ ಮ್ಯಾನೇಜರಿಗೆ ಗೊತ್ತಾದರೆ, ಪಟ್ಟಿಯ ಉಳಿದ ಅಂಕಿಗಳನ್ನೂ ಅವರು ನಂಬೋದಿಲ್ಲ.

ಈಗ ಪ್ರಶ್ನೆ. ಕೌಂಟರಿನಲ್ಲಿ ಗಿರಾಕಿ ಇರುವಾಗ, ಸೇಲ್ಸ್‌ನವರು ಕೂತಿರುವಾಗ ಕೇಳೋದಿಲ್ಲ. ನಾಲ್ಕು ಜನರ ಮುಂದೆ ಕೇಳಿದರೆ ಸವಾಲು ಹಾಕಿದಂತೆ ಕೇಳಿಸುತ್ತದೆ, ಆಗ ಬರುವ ಉತ್ತರ ಒಂದೇ: “ಎಲ್ಲಾನೂ ಆಗ್ಬೇಕು.” ಅವರ ಮೇಜಿಗೆ ಹೋಗಿ, ಪಟ್ಟಿ ಮುಂದಿಟ್ಟು ಹೇಳುವ ಮಾತು ಹೀಗಿರುತ್ತದೆ:

“ಸರ್, ಡೀಲರ್ ಬಾಕಿ ಪೂರ್ತಿ ತಾಳೆ ಮಾಡಾಕೆ 14 ಗಂಟೆ ಬೇಕು. 11ರವರೆಗೆ ನನ್ನ ಕೈಯಾಗ 2 ಗಂಟೆ ಐತಿ. ಈ ಮೂರರಾಗ ಯಾವುದು ಮುಂದಕ್ಕೆ ಹೋಗ್ಲಿ ಹೇಳ್ರಿ. ನನಗೆ ಕೇಳಿದ್ರೆ ಪಿಎಫ್ ಕೆಲಸ 13ಕ್ಕೆ ಹಾಕೋಣ, 6 ಗಂಟೆ ಸಿಗತೈತಿ. ಅದರಾಗ ಬಾಕಿ ಜಾಸ್ತಿ ಇರೋ 40 ಡೀಲರ್‌ದು ಪಕ್ಕಾ ಮಾಡಿ 11ರ ಸಂಜೆ ಕೊಡ್ತೀನಿ. ಉಳಿದ 100 ಜನರದ್ದು 17ಕ್ಕೆ. ಇಲ್ಲ, 12ಕ್ಕೇ ಪೂರ್ತಿ 140 ಬೇಕಂದ್ರೆ ಇನ್ನೂ 8 ಗಂಟೆ ಬೇಕಾಗ್ತದೆ. ಬಿಲ್ಲಿಂಗ್ ಹುಡುಗನ್ನ ಎರಡು ದಿನ ನನ್ನ ಕಡೆ ಬಿಡ್ರಿ.”

40 ಡೀಲರ್‌ಗೆ ಬೇಕಾದದ್ದು 4 ಗಂಟೆ, ಕೈಯಲ್ಲಿರುವುದು 6. ಆ 2 ಗಂಟೆ ಬೇಕೆಂದೇ ಬಿಟ್ಟದ್ದು. ಗೋಜಲಿನ ಖಾತೆಗಳು ಸಾಮಾನ್ಯವಾಗಿ ದೊಡ್ಡ ಬಾಕಿಯವರದ್ದೇ ಆಗಿರುತ್ತವೆ, ಅಲ್ಲಿ 6 ನಿಮಿಷದ ಸರಾಸರಿ ನಿಲ್ಲೋದಿಲ್ಲ. 60 ಜನರದ್ದು ಮಾಡುತ್ತೇನೆ ಅಂತ ಮಾತು ಕೊಟ್ಟರೆ 11ರ ರಾತ್ರಿ ಜಿಎಸ್‌ಟಿಆರ್-1 ಮತ್ತು ಬಾಕಿ ಪಟ್ಟಿ ಎರಡೂ ಅರ್ಧಕ್ಕೆ ನಿಲ್ಲುವ ಸಾಧ್ಯತೆ ಇದೆ.

ನನ್ನ ಸಲಹೆಯನ್ನು ಜೊತೆಗೇ ಇಡೋದಕ್ಕೆ ಕಾರಣವಿದೆ. ಬರೀ ‘ಯಾವುದು ಮುಂದಕ್ಕೆ?’ ಅಂತ ಕೇಳಿದರೆ ಯೋಚಿಸುವ ಭಾರವನ್ನು ಅವರ ಮೇಲೆ ಎತ್ತಿ ಹಾಕಿದಂತೆ. ಸಲಹೆ ಇದ್ದರೆ ಅವರು ‘ಹೂಂ’ ಅಂದರೆ ಸಾಕು. ಇನ್ನೊಂದು ಲಾಭ: ಮೀಟಿಂಗಿಗೆ ನಿಜವಾಗಿ ಏನು ಬೇಕು ಅನ್ನೋದು ಆಗಲೇ ಹೊರಗೆ ಬರುತ್ತದೆ. “140 ಯಾಕ್ರೀ, ಸಾಹುಕಾರ್ರು ಕೇಳೋದು ಜಗಳೂರು, ಚಿತ್ರದುರ್ಗ ಲೈನಿಂದು ಅಷ್ಟೇ” ಅನ್ನುವ ಉತ್ತರವೂ ಬರಬಹುದು. ಆಗ 14 ಗಂಟೆಯ ಕೆಲಸ ಮೂರಕ್ಕೆ ಇಳಿದುಬಿಡಬಹುದು.

“ಎಲ್ಲಾನೂ ಆಗ್ಬೇಕು” ಅಂದೇಬಿಟ್ಟರೆ ಅಲ್ಲಿ ವಾದ ಮಾಡೋದಿಲ್ಲ. “ಆಯ್ತು ಸರ್, ಎಲ್ಲಾ ಹಿಡೀತೀನಿ. 11ರ ಸಂಜೆಗೆ ಒಂದು ಉಳೀತು ಅಂದ್ರೆ ಯಾವುದು ಉಳಿಬಹುದು?” ಅಂತ ಕೇಳುತ್ತೇನೆ. ಮುಂದಕ್ಕೆ ಹಾಕು ಅನ್ನಲು ಮನಸ್ಸಾಗದವರೂ ಯಾವುದು ಮೊದಲು ಅಂತ ಕೇಳಿದರೆ ಹೇಳುತ್ತಾರೆ. ಅದೇ ನಮಗೆ ಬೇಕಾದ ಕ್ರಮ.

ಇನ್ನೂ ಕಷ್ಟದ್ದು, ಸಾಹುಕಾರರು ಒಂದು ಹೇಳಿ ಮ್ಯಾನೇಜರ್ ಇನ್ನೊಂದು ಹೇಳುವುದು. ಆಗ ನಡುವೆ ನಿಂತು ನಾನೇ ತೀರ್ಮಾನ ಮಾಡಲು ಹೋಗೋದಿಲ್ಲ. ಮ್ಯಾನೇಜರನ್ನು ದಾಟಿ ಸಾಹುಕಾರರ ಹತ್ತಿರವೂ ಹೋಗೋದಿಲ್ಲ. ಅದೇ ಪಟ್ಟಿಯನ್ನು ಮ್ಯಾನೇಜರ್ ಕೈಗೆ ಕೊಟ್ಟು, “ಸಾಹುಕಾರ್ರು ಬೆಳಿಗ್ಗೆ ಇದನ್ನೂ ಹೇಳ್ಯಾರೆ, ಎರಡರಾಗ ಮೊದಲು ಯಾವುದು ಅಂತ ನೀವೇ ಒಂದು ಮಾತು ಕೇಳಿ ಹೇಳ್ರಿ” ಅನ್ನುತ್ತೇನೆ. ಪಟ್ಟಿ ಕೈಯಲ್ಲಿದ್ದರೆ ಅವರಿಗೂ ಮೇಲೆ ಮಾತಾಡಲು ಆಧಾರ ಸಿಗುತ್ತದೆ.

ಒಪ್ಪಿಗೆಯಾದ ತಕ್ಷಣ ವಾಟ್ಸಾಪಿನಲ್ಲಿ ಮೂರು ಸಾಲು ಕಳಿಸುತ್ತೇನೆ: “ಸರ್, ಮಾತಾಡಿದ ಹಾಗೆ: 40 ಡೀಲರ್ ಬಾಕಿ 11ರ ಸಂಜೆ. ಪಿಎಫ್, ಇಎಸ್‌ಐ 13ಕ್ಕೆ. ಉಳಿದ 100 ಡೀಲರ್ 17ಕ್ಕೆ.” ಇದರಲ್ಲಿ ಕಾರಣ, ದೂರು ಏನೂ ಇರಬಾರದು. ‘ನೀವು ಹೇಳಿದ್ದಕ್ಕೆ’ ಅನ್ನುವ ಮಾತು ಸೇರಿಸಿದರೆ ಅದು ಸಾಕ್ಷಿ ಕಟ್ಟಿದಂತೆ ಕಾಣುತ್ತದೆ. ಕೆಲಸ ಸರಿದದ್ದು ಯಾರಿಗೆ ತಾಗುತ್ತದೋ ಅವರಿಗೂ ಅದೇ ದಿನ ಹೇಳಬೇಕು. ಇಲ್ಲಿ ಗೋಡೌನ್ ಸೂಪರ್‌ವೈಸರ್ 9ಕ್ಕೆ ಹಾಜರಿ ಪುಸ್ತಕ ತಂದುಕೊಡುವವರು, ಅವರಿಗೆ 12ಕ್ಕೆ ತನ್ನಿ ಅಂತ ತಿಳಿಸದಿದ್ದರೆ ಅವರು ಬಂದು ವಾಪಸ್ ಹೋಗಿ, ಬೇಕಾದ ದಿನ ಕೈಗೆ ಸಿಗೋದಿಲ್ಲ.

ಪ್ರತಿ ಕೆಲಸಕ್ಕೂ ಹೀಗೆ ಪಟ್ಟಿ ಹಿಡಿದು ಹೋಗಬಾರದು. ಒಂದು ಗಂಟೆಯೊಳಗೆ ಮುಗಿಯುವುದಾದರೆ ಮಾಡಿ ಕೊಟ್ಟುಬಿಡಿ. ಇರುವ ಬಿಡುವಿನಲ್ಲಿ ಹಿಡಿಸದೆ, ಯಾವುದಾದರೂ ಒಂದು ಕೆಲಸ ತನ್ನ ದಿನ ದಾಟುತ್ತದೆ ಅನ್ನುವಾಗ ಮಾತ್ರ ಕೇಳೋದು ನನ್ನ ರೂಢಿ. ಒಂದೇ ಕೆಲಸ ಎರಡು ತಿಂಗಳು ಸತತವಾಗಿ ಸರಿದರೆ ಮೂರನೇ ತಿಂಗಳು ಪ್ರಶ್ನೆ ಬದಲಾಗುತ್ತದೆ. ಡೀಲರ್ ತಾಳೆಯದ್ದೇ ತೆಗೆದುಕೊಂಡರೆ, “ಇದನ್ನ ತಿಂಗಳ 22ರ ಮೇಲೆ ಕಾಯಂ ಇಟ್ಟುಕೊಳ್ಳೋಣ ಸರ್, ಸೇಲ್ಸ್‌ನವರು ಹಣ ಕಟ್ಟುವಾಗಲೇ ಬಿಲ್ ನಂಬರ್ ಬರೆದು ಕೊಡಲಿ” ಅಂತ ಕೇಳುತ್ತೇನೆ. ಬಿಲ್ ನಂಬರ್ ಬರತೊಡಗಿದರೆ ಆನ್ ಅಕೌಂಟ್ ಜಮಾ ಕಡಿಮೆಯಾಗಿ, 6 ನಿಮಿಷದ ಲೆಡ್ಜರ್ 2 ನಿಮಿಷಕ್ಕೆ ಬಂದರೂ 140 ಡೀಲರ್‌ಗೆ ಐದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ.