ಹೊಟ್ಟೆ ಸೀಳದ ಧ, ಎರಡು ಸಲ ಹೊಡೆದ ಫ್ಲೆಕ್ಸ್

ಹೆಸರು ಸಿದ್ಧಪ್ಪ ಅಂತ ಇಟ್ಟುಕೊಳ್ಳಿ. ಹಳೇ ಬ್ಯಾನರಿನಲ್ಲಿ 'ಸಿದ್ದಪ್ಪ' ಅಂತ ಬಿದ್ದಿತ್ತು. ಈ ಸಲ ಸರಿ ಮಾಡಿಕೊಡಿ ಅಂತ ಗಿರಾಕಿ ವಾಟ್ಸಾಪಿನಲ್ಲಿ ಹಳೇ ಜೆಪೆಗ್ ಕಳಿಸಿದರು. ಅಳತೆ 20 ಅಡಿಗೆ 10 ಅಡಿ. ನಾನು ಆ ಜೆಪೆಗ್ ಮೇಲೇ ಒತ್ತಕ್ಷರ ತಿದ್ದಿ ಕಳಿಸಿದೆ. ಸ್ಕ್ರೀನಿನಲ್ಲಿ ಚೆನ್ನಾಗೇ ಇತ್ತು. ಪ್ರಿಂಟ್ ಬಂದಾಗ ಮತ್ತೆ 'ಸಿದ್ದಪ್ಪ'!

ಆಗಿದ್ದು ಇಷ್ಟೇ. ಆ ಚಿತ್ರ 1600 ಪಿಕ್ಸೆಲ್ ಅಗಲ, ಬ್ಯಾನರು 240 ಇಂಚು. ಅಂದರೆ ಇಂಚಿಗೆ ಏಳು ಪಿಕ್ಸೆಲ್ಲೂ ಇಲ್ಲ. ಒತ್ತಿನ ಧಕಾರದ ಹೊಟ್ಟೆ ಸೀಳು ಬ್ಯಾನರಿನಲ್ಲಿ ಹೆಚ್ಚೆಂದರೆ ಅರ್ಧ ಇಂಚು, ಅಂದರೆ ಮೂರು ಪಿಕ್ಸೆಲ್. ಅದೂ ಮಸುಕಾಗಿ, ಮೇಲೆ ಇಂಕೂ ಸ್ವಲ್ಪ ಹರಡಿ ಮುಚ್ಚಿಹೋಯಿತು. ಸುಮ್ನೆ ಇಂಚಿಗೆ 72 ಪಿಕ್ಸೆಲ್ಲಿಗೆ ಏರಿಸಿಯೂ ನೋಡಿದೆ. ಫೈಲು ಸುಮಾರು 600 ಎಂಬಿ ಆಯಿತು, ಸೀಳು ಮಾತ್ರ ತೆರೆಯಲಿಲ್ಲ.

ಆಮೇಲೆ ಕೋರೆಲ್‌ನಲ್ಲಿ ಹೆಸರನ್ನು ಹೊಸದಾಗಿ ಟೈಪ್ ಮಾಡಿದೆ. ಒತ್ತು ಸರಿ ಇದೆಯಾ ನೋಡಿಕೊಂಡು Convert to Curves ಕೊಟ್ಟೆ. ಫೋಟೋ ಹೇಗಿದ್ದರೂ ಅಕ್ಷರ ಎಷ್ಟು ಹಿಗ್ಗಿಸಿದರೂ ಚೂಪಾಗೇ ಇರುತ್ತದೆ.

ಎರಡನೇ ಪ್ರಿಂಟಿನಲ್ಲಿ ಧ ಬಂತು, ಅಂಚಿನಾಚೆ ಹೆಚ್ಚಿಗೆ ಬಿಡುವ ಜಾಗ, ಅಂದರೆ ಬ್ಲೀಡ್, ಕೈಕೊಟ್ಟಿತು. ನಾವೆಲ್ಲ ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಡಿಸೈನ್ ಮಾಡುತ್ತೇವಲ್ವಾ? ನಾನು ವಿಸಿಟಿಂಗ್ ಕಾರ್ಡಿನ ಅಭ್ಯಾಸದಲ್ಲಿ 3 ಎಂಎಂ ಬಿಟ್ಟಿದ್ದೆ. 12 ಪಟ್ಟು ಹಿಗ್ಗಿದಾಗ ಅದು ಒಂದೂವರೆ ಇಂಚಿಗೂ ಕಮ್ಮಿ. ರೀಪಿಗೆ ಸುತ್ತಿ ಮೊಳೆ ಹೊಡೆಯಲು ಮೂರು ಇಂಚು ಬೇಕು. ಹೆಸರು ಕೆಳಗಿನ ಸಾಲಿನಲ್ಲಿತ್ತು. ಅಷ್ಟು ಕಷ್ಟಪಟ್ಟು ತಂದ ಒತ್ತಿನ ಮೇಲೇ ಮೊಳೆ!

ಚದರ ಅಡಿಗೆ ಹತ್ತು ರೂಪಾಯಿ ಅಂದರೂ ಎರಡು ಸಲಕ್ಕೆ ನಾಲ್ಕು ಸಾವಿರ ಕೈಬಿಟ್ಟಿತು. ಫ್ರೇಮಿನವರ ಕೂಲಿ ಬೇರೆ.

ಈಗ ನಾನು 20 ಇಂಚಿಗೆ 10 ಇಂಚಿನ ಫೈಲಿನ ಸುತ್ತ ಕಾಲು ಇಂಚು ಬ್ಲೀಡ್ ಬಿಡುತ್ತೇನೆ. ಒಳಗಡೆ ಇನ್ನೂ ಅರ್ಧ ಇಂಚು ಖಾಲಿ. ಆ ಅರ್ಧ ಇಂಚನ್ನು ಸಾಲಿನ ಬುಡದಿಂದಲ್ಲ, ಒತ್ತಕ್ಷರದ ತುದಿಯಿಂದ ಅಳೆಯಬೇಕು. ತಪ್ಪುವುದೇ ಇಲ್ಲಿ. ಆಮೇಲೆ ತಿದ್ದಿದ ಆ ಒಂದು ಅಕ್ಷರವನ್ನು ಪೂರ್ತಿ ಅಳತೆಯಲ್ಲಿ ಒಂದಡಿ ತುಂಡಿನ ಮೇಲೆ ಮೊದಲು ಪ್ರಿಂಟ್ ಹೊಡೆಸುತ್ತೇನೆ. ಅಂಗಡಿ ಬಾಗಿಲಿಗೆ ತೂಗುಹಾಕಿ ರಸ್ತೆಯಾಚೆಯಿಂದ ನೋಡುತ್ತೇನೆ.

"ದೂರದಿಂದ ನೋಡೋದಕ್ಕೆ ಇಷ್ಟೆಲ್ಲಾ ಯಾಕೆ ಗುರೂ?" ಅಂತ ಮಷಿನ್ ಹುಡುಗ ನಗುತ್ತಿದ್ದ. ಈಗ ಬೇರೆಯವರ ಫೈಲು ಬಂದರೂ ಅವನೇ ತುಂಡು ಹೊಡೆದು ಕೇಳುತ್ತಾನೆ. ಸೀಳು ತುಂಬದ ಹಾಗೆ ಅಕ್ಷರಕ್ಕೆ ನಾನು ಇನ್ನೊಂದು ಕೈಚಳಕ ಮಾಡುತ್ತೇನೆ. ಅದನ್ನು ಅವನಿಗೂ ಹೇಳಿಲ್ಲ.